ಅರ್ಧ ಗೆರೆ

ತಿಪ್ಪೇಶ್ ಅಳತೆ ತಪ್ಪಿಸುವವನಲ್ಲ. ಹೊಸಪೇಟೆಯಲ್ಲಿ ಅವನ ಜಿಮ್ಮಿಗೆ ಬರುವ ಹುಡುಗರು ಹಿಂದಿನಿಂದ ಅವನನ್ನು ತಕ್ಕಡಿ ಅಂತಲೇ ಕರೆಯುತ್ತಿದ್ದರು. ಯಾರು ಎಷ್ಟು ಮೊಟ್ಟೆ ತಿನ್ನಬೇಕು, ಎಷ್ಟು ನೀರು ಕುಡಿಯಬೇಕು ಎಂಬುದೆಲ್ಲ ಅವನ ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು. ನಿದ್ದೆಗೆಂದು ಕೊಡುತ್ತಿದ್ದ ಆ ನೀರಿನಂಥ ಔಷಧವನ್ನೂ ಅವನು ಬಾಟಲಿಯ ಮುಚ್ಚಳದಲ್ಲಿ ಸುರಿದು ಕೊಟ್ಟವನಲ್ಲ. ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದು, ಬೆಳಕಿಗೆ ಹಿಡಿದು, ಗೆರೆ ನೋಡಿ ಕೊಡುತ್ತಿದ್ದ.

ಈಗ ಆ ಸಿರಿಂಜು ಅವನ ಪ್ಯಾಂಟಿನ ಜೇಬಿನಲ್ಲಿತ್ತು. ಅವನು ಆಸ್ಪತ್ರೆಯ ತುರ್ತು ವಿಭಾಗದ ಗೋಡೆಗೆ ಒರಗಿ ನಿಂತಿದ್ದ. ಎದುರಿನ ಮಂಚದ ಮೇಲೆ ಅವನ ಜಿಮ್ಮಿನ ಹುಡುಗ ಸಾಗರ ಮಲಗಿದ್ದ. ಬೆಳಿಗ್ಗೆ ದೇಹದಾರ್ಢ್ಯ ಸ್ಪರ್ಧೆಯ ಮೊದಲ ಸುತ್ತಿಗೆಂದು ಮೈಗೆ ಬಳಿದುಕೊಂಡಿದ್ದ ಕಂದು ಬಣ್ಣ ಬಿಳಿ ಹಾಸಿಗೆಗೆಲ್ಲ ಹತ್ತಿತ್ತು. ಮೈಯಲ್ಲಿ ಒಂದೊಂದು ಸ್ನಾಯುವೂ ಎಣಿಸಿ ಇಟ್ಟಂತೆ ಕಾಣುತ್ತಿತ್ತು. ಉಸಿರು ಮಾತ್ರ ನಿಮಿಷಕ್ಕೆ ಆರು ಸಲ ಬರುತ್ತಿತ್ತು. ತಿಪ್ಪೇಶ್ ಅದನ್ನೂ ಎಣಿಸಿದ್ದ.

ಡಾಕ್ಟರ್ ಮೇಡಂ ರಕ್ತದ ಸಕ್ಕರೆ ನೋಡಿದರು, ಸರಿಯಿತ್ತು. ತಲೆಗೆ ಏಟು ಬಿದ್ದಿದೆಯೇ ಎಂದು ತಡವಿ ನೋಡಿದರು, ಇಲ್ಲ. ಅಫೀಮಿನ ಜಾತಿಯ ಮದ್ದಿನ ಅಮಲು ಇಳಿಸುವ ಇಂಜೆಕ್ಷನ್ ಕೊಟ್ಟರು, ಹುಡುಗ ಅಲುಗಲಿಲ್ಲ. ಎದೆಯ ಮೂಳೆಯನ್ನು ಬೆರಳ ಗೆಣ್ಣಿನಿಂದ ಒತ್ತಿ ಉಜ್ಜಿದರೂ ಕಣ್ಣು ತೆರೆಯಲಿಲ್ಲ. ಬಿಸಿಲಿಗೆ ತಲೆತಿರುಗಿ ಬಿದ್ದ ಎಂದು ತಿಪ್ಪೇಶ್ ಹೇಳಿದ್ದನ್ನು ಯಾರೂ ನಂಬಿದಂತೆ ಕಾಣಲಿಲ್ಲ.

ನರ್ಸ್ ತುಳಸಿ ಅವನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು.

"ಅಣ್ಣಾ, ಏನ್ ಕೊಟ್ಟೀರಿ ಹೇಳಿಬಿಡ್ರಿ. ನಮ್ಮ ಟೆಸ್ಟಿನಾಗ ಎಲ್ಲಾ ಸಿಗಂಗಿಲ್ಲ. ನೀವು ಹೇಳ್ಲಿಲ್ಲ ಅಂದ್ರ ನಾವು ಕತ್ತಲಾಗ ಹುಡುಕ್ತೀವಿ."

ತಿಪ್ಪೇಶ್ ಹೇಳಿದ. ಹೇಳುವಾಗ ಯಾರದೋ ಸುದ್ದಿ ಹೇಳುತ್ತಿರುವಂತೆ ಅವನಿಗೇ ಕೇಳಿಸಿತು. ಕೊಟ್ಟದ್ದು ಜಿಎಚ್‌ಬಿ, ಮತ್ತು ಬರಿಸುವ ಒಂದು ದ್ರವ. ಸಂಡೂರಿನ ಕಡೆಯವನೊಬ್ಬ ತಂದುಕೊಡುತ್ತಿದ್ದ. ಮೈ ಸಡಿಲಾಗುತ್ತದೆ, ಗಾಢ ನಿದ್ದೆ ಬರುತ್ತದೆ, ನಿದ್ದೆಯಲ್ಲಿ ಮೈ ಬೆಳೆಯುತ್ತದೆ ಎಂದಿದ್ದ. ಒಂಬತ್ತು ದಿನ ತಿಪ್ಪೇಶ್ ಒಂದೇ ಗೆರೆಯವರೆಗೆ ಎಳೆದು ಸಾಗರನಿಗೆ ಕೊಟ್ಟಿದ್ದ. ಒಂಬತ್ತು ದಿನವೂ ಹುಡುಗ ಮಲಗಿ, ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಎದ್ದಿದ್ದ. ಇವತ್ತು ಸಂಜೆ ಕೊನೆಯ ಸುತ್ತು. ನಡುವೆ ಎರಡು ತಾಸು ಮಲಗಲಿ ಎಂದು ಮಧ್ಯಾಹ್ನ ಜಿಮ್ಮಿನ ಹಿಂದಿನ ಕೋಣೆಯಲ್ಲಿ ಕೊಟ್ಟ. ಮುಕ್ಕಾಲು ತಾಸಾದರೂ ನಿದ್ದೆ ಬರಲಿಲ್ಲ. ಅದಕ್ಕೆ ಇನ್ನರ್ಧ ಗೆರೆ ಕೊಟ್ಟ. ಅರ್ಧ ಕೊಟ್ಟರೆ ಅರ್ಧದಷ್ಟು ಕೆಲಸ ಮಾಡುತ್ತದೆ ಎಂಬುದು ಅವನ ಲೆಕ್ಕ.

"ಕುಡಿದಿದ್ನಾ?" ಡಾಕ್ಟರ್ ಕೇಳಿದರು.

ಇಲ್ಲ ಅಂದ. ತಿಂದಿದ್ದ. ತಿಂಗಳಿಂದ ಮೊಟ್ಟೆಯ ಬಿಳಿ ತಿಂದು ಬೇಸತ್ತವನು ಮೊದಲ ಸುತ್ತು ಮುಗಿದ ಖುಷಿಗೆ ಎರಡು ಪ್ಲೇಟು ಒಗ್ಗರಣೆ ಮಂಡಕ್ಕಿ, ಮೇಲೆ ಆರು ಮಿರ್ಚಿ ಬಾರಿಸಿದ್ದ.

ಕುಡಿದಿದ್ದರೆ ಇಲ್ಲಿಯವರೆಗೂ ಬರುತ್ತಿರಲಿಲ್ಲ ಎಂದಷ್ಟೇ ಹೇಳಿ ಡಾಕ್ಟರ್ ಮಂಚದ ಕಡೆ ತಿರುಗಿದರು. ಅಷ್ಟರಲ್ಲಿ ಸಾಗರ ವಾಂತಿ ಮಾಡಿಕೊಂಡ. ಪಕ್ಕಕ್ಕೆ ಹೊರಳಿಸಿ, ಬಾಯಿ ಹೀರಿ, ಗಂಟಲಿಗೆ ಕೊಳವೆ ಇಳಿಸಿ ಉಸಿರಿನ ಯಂತ್ರಕ್ಕೆ ಕಟ್ಟಿದರು. ಇದಕ್ಕೆ ಎದುರು ಮದ್ದು ಇಲ್ಲ. ಮೈಯೇ ಅದನ್ನು ಕರಗಿಸುವವರೆಗೆ ಉಸಿರು ನಿಲ್ಲದಂತೆ ಕಾಯಬೇಕು, ಅಷ್ಟೇ. ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದೂ ಹೇಳಿದರು. ತಿಪ್ಪೇಶ್ ತಲೆಯಾಡಿಸಿದ. ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಕೈಯೆರಡೂ ಬೇರೆಯವರವು ಅನ್ನಿಸುತ್ತಿದ್ದವು.

ಸಾಗರನ ಅಪ್ಪ ಹುಲುಗಪ್ಪ ಕಮಲಾಪುರದಿಂದ ಬಸ್ಸಿನಲ್ಲಿ ಬಂದ. ಅವನು ಕಾಲುವೆಯ ನೀರುಗಂಟಿ. ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ಬಿಡುವವನು. ಕಾಲಿಗೆ ಇನ್ನೂ ಕೆಸರಿತ್ತು. ಮಗನನ್ನು ಬಾಗಿಲಿನ ಗಾಜಿನಿಂದ ನೋಡಿ, ಬಂದು ಬೆಂಚಿನ ಮೇಲೆ ತಿಪ್ಪೇಶನ ಪಕ್ಕದಲ್ಲೇ ಕುಳಿತ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ತುಳಸಿ ಹುಲುಗಪ್ಪನಿಗೆ ತಿಳಿಯುವಂತೆ ಹೇಳಿದಳು. ಈ ಮದ್ದು ಮೆದುಳನ್ನು ಸಡಿಲಿಸುತ್ತದೆ. ಸ್ವಲ್ಪವಾದರೆ ಹಗುರ, ಅದಕ್ಕಿಂತ ತುಸು ಹೆಚ್ಚಾದರೆ ನಿದ್ದೆ, ಇನ್ನೂ ತುಸು ಹೆಚ್ಚಾದರೆ ಉಸಿರಾಡು ಎಂದು ಹೇಳುವ ಜಾಗವೂ ಮಲಗಿಬಿಡುತ್ತದೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಜಾಗವೇ ಇಲ್ಲ. ಮೈ ಅದನ್ನು ಕರಗಿಸಿ ಹೊರಹಾಕುತ್ತದೆ, ಆದರೆ ಆ ಕೆಲಸಕ್ಕೊಂದು ಮಿತಿ ಇದೆ. ಆ ಮಿತಿ ತಲುಪಿದ ಮೇಲೆ ಬಂದದ್ದೆಲ್ಲ ರಕ್ತದಲ್ಲೇ ನಿಂತು ಏರುತ್ತ ಹೋಗುತ್ತದೆ. ಹೊಟ್ಟೆ ತುಂಬಿದ್ದರಿಂದ ಮೊದಲನೆಯದು ತಡವಾಗಿ ಇಳಿದಿತ್ತು. ಅದು ಇಳಿಯುವ ಹೊತ್ತಿಗೇ ಎರಡನೆಯದೂ ಸೇರಿಕೊಂಡಿತು.

ಹುಲುಗಪ್ಪ ತಿಪ್ಪೇಶನನ್ನು ನೋಡದೆಯೇ ಕೇಳಿದ.

"ಎಷ್ಟು ಜಾಸ್ತಿ ಕೊಟ್ಟಿ ಮಾಸ್ತರ?"

"ಅರ್ಧ."

"ಕಾಲುವಿ ತುಂಬಿ ನಿಂತಾಗ ಗೇಟು ಅರ್ಧ ಸುತ್ತು ತಿರುವಿದ್ರ ನೀರು ಅರ್ಧ ಏರ್ತದಂತ ತಿಳ್ದಿಯೇನು? ಕೆಳಗ ಹೋಗೋ ತೂಬಿನ ಬಾಯಿ ಇದ್ದಷ್ಟ ಇರ್ತದ. ಮಿಕ್ಕಿದ್ದು ಮ್ಯಾಲೆ ಏರಿ ದಂಡಿ ಒಡೀತದ." ಟವೆಲ್ಲಿನಿಂದ ಕಾಲಿನ ಕೆಸರು ಒರೆಸತೊಡಗಿದ. "ಒಂಬತ್ತು ದಿನಾನೂ ನೀರು ದಂಡಿಗೆ ಒಂದು ಬೆರಳು ಕೆಳಗ ಇತ್ತು. ಒಡೀಲಿಲ್ಲ ಅಂತ ನೀನು ಜಾಗ ಐತಿ ಅಂದ್ಕೊಂಡಿ."

ತಿಪ್ಪೇಶನ ನೋಟ್‌ಬುಕ್ಕಿನಲ್ಲಿ ಆ ಒಂಬತ್ತು ದಿನಗಳ ಮುಂದೆ ಒಂಬತ್ತು ಸರಿ ಗುರುತುಗಳಿದ್ದವು. ಬಾಟಲಿಯಲ್ಲಿದ್ದದ್ದು ಎಷ್ಟು ಗಟ್ಟಿ ಎಂದು ಅವನಿಗೆ ಎಂದೂ ಗೊತ್ತಿರಲಿಲ್ಲ. ಗೆರೆ ಗೊತ್ತಿತ್ತು, ಗೆರೆಯೊಳಗೆ ಏನಿದೆ ಎಂದು ಗೊತ್ತಿರಲಿಲ್ಲ. ಮಧ್ಯಾಹ್ನ ಹುಡುಗ ಗೊರಕೆ ಹೊಡೆಯತೊಡಗಿದಾಗ ಅವನಿಗೆ ಸಮಾಧಾನವಾಗಿತ್ತು; ಫ್ಯಾನು ಜೋರು ಮಾಡಿ ಬಾಗಿಲು ಮುಂದೆ ಮಾಡಿ ಬಂದಿದ್ದ. ಮರೆತ ಮೊಬೈಲು ತರಲು ಮತ್ತೆ ಒಳಗೆ ಹೋಗದಿದ್ದರೆ ಗೊರಕೆಯ ನಡುವಿನ ಆ ಉದ್ದನೆಯ ಬಿಡುವು ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಅದನ್ನು ನೆನೆದರೂ ಒಳಗೆ ಏನೂ ಕದಲಲಿಲ್ಲ. ಎದುರಿನ ಗೋಡೆಯ ಮೇಲೆ ಲಸಿಕೆಯ ಚೀಟಿ ಅಂಟಿಸಿದ್ದರು. ಅದನ್ನು ನಾಲ್ಕು ಸಲ ಓದಿದ.

ನಾಲ್ಕನೆಯ ತಾಸಿಗೆ ಒಳಗೆ ಸದ್ದಾಯಿತು. ಮೆಲ್ಲಗೆ ಎಚ್ಚರವಾದದ್ದಲ್ಲ. ಯಾರೋ ಸ್ವಿಚ್ ಒತ್ತಿದಂತೆ ಸಾಗರ ಕಣ್ಣು ಬಿಟ್ಟು, ಕೆಮ್ಮಿ, ಕೊಳವೆ ಕೀಳಲು ಕೈ ಹಾಕಿದ್ದ. ಇಬ್ಬರು ಅವನನ್ನು ಹಿಡಿದುಕೊಂಡರು. ಡಾಕ್ಟರ್ ನೋಡಿ ಕೊಳವೆ ತೆಗೆದರು. ವಾಂತಿ ಶ್ವಾಸಕೋಶಕ್ಕೆ ಹೋಗಿದೆಯೋ ಎಂದು ರಾತ್ರಿಯೆಲ್ಲ ಇಟ್ಟುಕೊಂಡು ನೋಡುತ್ತೇವೆ, ಜೀವಕ್ಕೆ ಈಗ ಅಪಾಯ ಕಾಣುವುದಿಲ್ಲ ಎಂದರು.

ಇಬ್ಬರನ್ನೂ ಒಳಗೆ ಬಿಟ್ಟರು. ಹುಲುಗಪ್ಪ ಮಗನ ಪಾದ ಹಿಡಿದು ನಿಂತ. ಕಂದು ಬಣ್ಣ ಅವನ ಅಂಗೈಗೂ ಹತ್ತಿತು. ಸಾಗರನಿಗೆ ಏನೊಂದೂ ನೆನಪಿರಲಿಲ್ಲ. ಗಂಟಲು ಕಟ್ಟಿದ ದನಿಯಲ್ಲಿ ಅಂಗಿ ಎಲ್ಲಿ, ಟೈಮೆಷ್ಟು ಎಂದು ಕೇಳಿದ. ಆಮೇಲೆ ತಿಪ್ಪೇಶನನ್ನು ಕಂಡು ನಕ್ಕ.

"ಸಾರ್, ಮಸ್ತ್ ನಿದ್ದಿ ಬಂತ್ರಿ. ಇಷ್ಟು ದಿನ ಇಂಥಾದ್ದು ಬಂದೇ ಇರ್ಲಿಲ್ಲ. ಇನ್ಮ್ಯಾಲೆ ಇಷ್ಟ ಕೊಡ್ರಿ."

ಹುಲುಗಪ್ಪ ತಲೆ ಎತ್ತಲಿಲ್ಲ. ತಿಪ್ಪೇಶ್ ಜೇಬಿಗೆ ಕೈ ಹಾಕಿ ಸಿರಿಂಜು ತೆಗೆದ. ಕೈಬೆವರಿಗೆ ಗೆರೆಗಳು ಮಸುಕಾಗಿದ್ದವು. ಅದನ್ನು ತುಳಸಿಯ ಟ್ರೇಯಲ್ಲಿ ಇಟ್ಟ. ಬಾಟಲಿ ಜಿಮ್ಮಿನ ಕಪಾಟಿನಲ್ಲಿದೆ, ಪೊಲೀಸರು ಬಂದರೆ ತಾನೇ ತೋರಿಸುತ್ತೇನೆ ಎಂದ.

"ಎಷ್ಟ್ರಿ ಕೊಟ್ಟಿದ್ದು?" ಸಾಗರ ಮತ್ತೆ ಕೇಳಿದ.

"ಎಷ್ಟು ಅಂತ ನನಗ ಗೊತ್ತಿಲ್ಲಲೇ," ತಿಪ್ಪೇಶ್ ಅಂದ. "ಯಾವತ್ತೂ ಗೊತ್ತಿರ್ಲಿಲ್ಲ."