ಎಣಿಸಿದವರ ಹೆಸರು

ಮೈಸೂರಿನ ಮಂಡಳಿಯವರು ಚಲುವರಾಜುವಿನ ನಿವೇದನೆಯನ್ನು ಹಿಂದಕ್ಕೆ ಕಳಿಸಿದ ದಿನ ನನ್ನ ತಲೆ ಕೆಟ್ಟುಹೋಯಿತು. ಹುಡುಗನ ಮೇಲೆ ಸಿಟ್ಟು ಬಂದಿದ್ದರೆ ಹೇಗೋ ತೀರಿಸಿಕೊಳ್ಳುತ್ತಿದ್ದೆ. ಆದರೆ ಆ ಬರಹವನ್ನು ಮೊದಲಿಂದ ಕೊನೆಯವರೆಗೆ ತಿದ್ದಿ, ತೀಡಿ, ಕೈಯಾರೆ ಅಂಚೆಗೆ ಹಾಕಿದವನು ನಾನು. ಮಳವಳ್ಳಿಯಲ್ಲಿ ಹದಿನಾಲ್ಕು ವರ್ಷದಿಂದ ಕನ್ನಡ ಕಲಿಸುವ ಹೆಡ್‌ಮೇಷ್ಟ್ರು ತಿರುನಾರಾಯಣ ಎಂದರೆ ತಾಲ್ಲೂಕಿನಲ್ಲಿ ಒಂದು ಮರ್ಯಾದೆ ಇತ್ತು.

ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿ ಅದು. ಪಶುಪಾಲನೆಯನ್ನು ಒಂದು ವರ್ಷ ಓದಿಸಲು ಆ ಮಂಡಳಿಯವರು ಹಳ್ಳಿಗಾಡಿನ ಒಬ್ಬನೇ ಒಬ್ಬ ತರುಣನಿಗೆ ಜಾಗ ಇಟ್ಟಿದ್ದರು. ತಾನು ಏನನ್ನು ಗಮನಿಸಿದ್ದೇನೆ, ಮುಂದೆ ಏನನ್ನು ಕಲಿಯಬೇಕು ಎಂದು ಎರಡು ಪುಟ ಕನ್ನಡದಲ್ಲಿ ಬರೆದು ಕಳಿಸಬೇಕಾಗಿತ್ತು. ಬಂಡೂರಿನ ಒಕ್ಕಲುಮಕ್ಕಳ ಮನೆಯ ಚಲುವರಾಜು ನನ್ನ ಶಾಲೆಯಲ್ಲೇ ಓದಿ, ನನ್ನ ಕೈಕೆಳಗೇ ಉಪಾಧ್ಯಾಯನಾಗಿದ್ದ. ಇಪ್ಪತ್ತಮೂರು ತುಂಬಿತ್ತು. ಆ ಜಾಗಕ್ಕೆ ವಯಸ್ಸಿನ ಮಿತಿಯೂ ಇಪ್ಪತ್ತಮೂರೇ. ಈ ಸಲ ತಪ್ಪಿದರೆ ಅವನಿಗೆ ಇನ್ನೊಂದು ಸಲ ಎಂಬುದು ಇರಲಿಲ್ಲ.

ಹಿಂದೆ ಬಂದ ಹಾಳೆಯ ಅಂಚಿನಲ್ಲಿ ಯಾರೋ ಸಣ್ಣ ಅಕ್ಷರದಲ್ಲಿ ಬರೆದಿದ್ದರು: "ವಿಷಯ ಒಳ್ಳೆಯದು. ಯಾರು ಏನು ಮಾಡಿದರೆಂದು ಒಂದು ವಾಕ್ಯದಿಂದಲೂ ತಿಳಿಯಲಿಲ್ಲ. ಹದಿನೈದು ದಿನದಲ್ಲಿ ಬೇರೆ ಬರೆದು ಕಳಿಸಿ."

"ಇವರಿಗೆ ಪ್ರೌಢ ಕನ್ನಡ ಓದೋಕೆ ಬರಲ್ಲ" ಎಂದು ಮನೆಯಲ್ಲಿ ಹಾರಾಡಿದೆ. ನನ್ನ ಹೆಂಡತಿ ಗೋದಮ್ಮ ಅಕ್ಕಿ ಆರಿಸುತ್ತಾ ಕೂತಿದ್ದಳು. "ಎಲ್ಲಿ, ಓದಿ ನೋಡೋಣ" ಎಂದಳು. ಗತ್ತಿನಿಂದಲೇ ಓದಿದೆ:

"ಸದರಿ ಮಂದೆಗಳಲ್ಲಿನ ಗದ್ದದ ಬಾವಿನ ಸಂಭವದ ಪರಿವೀಕ್ಷಣಾ ಕಾರ್ಯವು ದ್ವಿವರ್ಷ ಪರ್ಯಂತ ನಿರ್ವಹಿಸಲ್ಪಟ್ಟು, ಗಣನೆಯು ಮಾಡಲ್ಪಟ್ಟು, ಮರಣಗಳ ಉಂಟಾಗುವಿಕೆಯು ಗುರುತಿಸಲ್ಪಟ್ಟಿತು."

"ಕುರಿ ವಿಷಯ ಅಂದಿರಲ್ಲ, ಕುರಿ ಎಲ್ಲಿ?" ಎಂದಳು. ನಾನು ಎದ್ದು ಜಗಲಿಗೆ ಹೋದೆ.

ಜಗಲಿಯಲ್ಲಿ ಕೂತು ಅದನ್ನೇ ಮತ್ತೆ ಮೂರು ಸಲ ಓದಿಕೊಂಡೆ. ನಿಜಕ್ಕೂ ಕುರಿ ಇರಲಿಲ್ಲ. ಎಣಿಸಿದವರು ಇರಲಿಲ್ಲ, ಸತ್ತದ್ದೂ ಕಾಣುತ್ತಿರಲಿಲ್ಲ. ವಿದ್ವತ್ತಿನ ಬರವಣಿಗೆಯಲ್ಲಿ 'ನಾನು' ಎಂದರೆ ಅಹಂಕಾರ ಎಂದು ನನಗೆ ನನ್ನ ಗುರುಗಳು ಹೇಳಿಕೊಟ್ಟಿದ್ದರು. ನಾನು ಅದನ್ನು ಹದಿನಾಲ್ಕು ವರ್ಷ ಬೆತ್ತ ಹಿಡಿದು ಹೇಳಿಕೊಟ್ಟಿದ್ದೆ. 'ನೋಡಿದೆ' ಎಂದು ಬರೆದವನ ಪುಸ್ತಕದಲ್ಲಿ ಕೆಂಪು ಮಸಿಯಿಂದ 'ವೀಕ್ಷಿಸಲ್ಪಟ್ಟಿತು' ಎಂದು ತಿದ್ದಿದ್ದೆ. ಅಷ್ಟು ವರ್ಷದ ಕೆಂಪು ಮಸಿಯೆಲ್ಲ ಕಣ್ಣ ಮುಂದೆ ಬಂದು ನಾಚಿಕೆಯಾಯಿತು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಚಲುವರಾಜುವನ್ನು ಕೂರಿಸಿಕೊಂಡೆ. ಅವನ ಮುಖ ಬಾಡಿತ್ತು.

"ನೋಡಪ್ಪಾ, ತಪ್ಪು ನಂದು. ತಿದ್ದೋದೂ ನಾನೇ. ಒಂದೊಂದು ವಾಕ್ಯಕ್ಕೂ ಎರಡು ಪ್ರಶ್ನೆ ಕೇಳೋಣ. ಮಾಡಿದವರು ಯಾರು? ಮಾಡಿದ್ದೇನು? ಮಾಡಿದವರನ್ನ ಮೊದಲು ಇಡು. ಮಾಡಿದ್ದನ್ನ ಕ್ರಿಯಾಪದದಲ್ಲೇ ಹೇಳು. 'ಪರಿವೀಕ್ಷಣಾ ಕಾರ್ಯವು ನಿರ್ವಹಿಸಲ್ಪಟ್ಟು' ಅಂದರೆ ಏನು?"

"ನೋಡಿದೆವು ಅಂತ, ಮೇಷ್ಟ್ರೇ."

"ಹಾಗೇ ಬರಿ. 'ಉಂಟಾಗುವಿಕೆಯು ಗುರುತಿಸಲ್ಪಟ್ಟಿತು'?"

"ಸತ್ತವು."

ಹೀಗೆ ಹೊರಟ ಬಂಡಿ ಸುಮಾರು ದೂರ ಸಲೀಸಾಗಿ ಓಡಿತು. 'ನಾಲೆಯನ್ನು ಮೂರು ವರ್ಷದ ಹಿಂದೆ ತೆರೆಯಲಾಯಿತು' ಎಂಬ ಕಡೆ ಅವನು ಹುರುಪಿನಿಂದ ಗೀಟು ಹಾಕಲು ಹೋದ. ನಾನು ಕೈ ಹಿಡಿದೆ. ನಾಲೆ ತೆರೆದವರು ಯಾರಾದರೇನು, ನೀರು ಬಂದದ್ದು ಯಾವಾಗ ಎಂಬುದಷ್ಟೇ ನಮಗೆ ಬೇಕು. ಅಂಥ ಕಡೆ 'ತೆರೆಯಲಾಯಿತು' ಹಾಗೇ ಇರಲಿ ಎಂದೆ. ಕಂಡಕಂಡಲ್ಲಿ ಗೀಟು ಹಾಕುವುದು ನನ್ನ ಹಳೆಯ ಚಾಳಿ, ಅದನ್ನು ಇವನಿಗೂ ಅಂಟಿಸುವ ಇಷ್ಟವಿರಲಿಲ್ಲ.

'ಆರ್ದ್ರ ತೃಣ ಸೇವನಾ ಪರಿಣಾಮದಿಂದ' ಎಂಬಲ್ಲಿ ಬಂಡಿ ನಿಂತಿತು. ಬಿಡಿಸಿದರೆ 'ಕುರಿಗಳು ಹಸಿ ಹುಲ್ಲು ತಿಂದವು, ಅದರಿಂದ ಗದ್ದ ಊದಿತು' ಎಂದಾಗುತ್ತದೆ.

"ಹುಲ್ಲಿನಿಂದಲೇ ಅಂತ ನಿನಗೆ ಗೊತ್ತಾ?" ಎಂದು ಕೇಳಿದೆ.

ಅವನು ಯೋಚಿಸಿದ. "ಇಲ್ಲ. ನಾಲೆ ಬದೀಲಿ ಮೇಯೋವಕ್ಕೇ ಜಾಸ್ತಿ ಬತ್ತದೆ ಅನ್ನೋದು ಗೊತ್ತು. ಹುಲ್ಲೋ, ನೀರೋ, ಇನ್ನೇನೋ ಗೊತ್ತಿಲ್ಲ."

"ಹಾಗಾದರೆ ಗೊತ್ತಿಲ್ಲ ಅಂತಲೇ ಬರಿ" ಎಂದೆ. ಗೊತ್ತಿಲ್ಲದ್ದನ್ನು ಒಂದು ಉದ್ದನೆಯ ಸಮಾಸದಲ್ಲಿ ಹುದುಗಿಸಿಟ್ಟಿದ್ದೆವು, ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಮುಂದಿನ ವಾಕ್ಯಕ್ಕೆ ಅವನ ಲೇಖನಿಯೇ ಏಳಲಿಲ್ಲ. 'ಗಣನೆಯು ಮಾಡಲ್ಪಟ್ಟು.'

"ಎಣಿಸಿದವರು ಯಾರಪ್ಪಾ?"

"ಅಕ್ಕ" ಎಂದ, ನೆಲ ನೋಡುತ್ತಾ. "ನಾನು ಇಲ್ಲಿ ಶಾಲೇಲಿ ಇರ್ತೀನಲ್ಲ ಮೇಷ್ಟ್ರೇ. ಕುರಿ ಕಾಯೋದು ಅಕ್ಕ. ದಿನಾ ನಮ್ಮದು, ಚಿಕ್ಕಪ್ಪಂದು ಎರಡೂ ಮಂದೆ ನೋಡ್ಕೊಂಡು, ಕಾಯಿಲೆ ಬಿದ್ದ ಕುರಿಗೆ ದಾರದಲ್ಲಿ ಒಂದು ಗಂಟು, ಸತ್ತದ್ದಕ್ಕೆ ಜೋಡಿ ಗಂಟು ಹಾಕ್ತಾಳೆ. ನಾನು ಭಾನುವಾರ ಹೋಗಿ ಬರ್ಕೋತೀನಿ. ಹಂಗಂತ ಬರೆದರೆ ನೀನೇನು ಮಾಡಿದೆ ಅಂತ ಕೇಳ್ತಾರೆ. ಜಾಗ ಹೋಗ್ತದೆ."

ನನಗೂ ಅದೇ ಭಯ. ನಿವೇದನೆಯ ಕೊನೆಗೆ 'ಇದರಲ್ಲಿರುವುದೆಲ್ಲ ನಿಜ' ಎಂದು ನಾನು ಸಹಿ ಹಾಕಬೇಕಿತ್ತು. 'ಮಾಡಲ್ಪಟ್ಟು' ಎಂದಿದ್ದಾಗ ನನ್ನ ಸಹಿಗೆ ಯಾವ ತೊಡಕೂ ಇರಲಿಲ್ಲ. 'ನಾನು ಎಣಿಸಿದೆ' ಎಂದು ಬರೆದರೆ ಅದು ಸುಳ್ಳು. 'ನಾವು' ಎಂದು ಬರೆದು ಜಾರಿಕೊಳ್ಳೋಣವೇ ಎಂದೂ ಒಂದು ಗಳಿಗೆ ಅನ್ನಿಸಿತು. ಕೊನೆಗೆ ಎಣಿಸಿದವಳನ್ನೇ ಕೇಳೋಣ ಎಂದು ಭಾನುವಾರ ಇಬ್ಬರೂ ಬಂಡೂರಿಗೆ ನಡೆದೆವು.

ಚಿಕ್ಕಬೋರಮ್ಮ ತಮ್ಮನಿಗಿಂತ ಹತ್ತು ವರ್ಷ ದೊಡ್ಡವಳು. ಗಂಡ ಸತ್ತ ಮೇಲೆ ತವರಿಗೆ ಬಂದು ಮಂದೆಯ ಹೊಣೆ ಹೊತ್ತವಳು. ಅಕ್ಷರ ಕಲಿತವಳಲ್ಲ. ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದ ಎರಡು ದಾರ ತಂದು ನನ್ನ ಮುಂದೆ ಚಾಚಿದಳು. ಒಂದು ಅವರ ಮಂದೆಯದು, ಮೇಲಿನ ಒಣಹೊಲದಲ್ಲಿ ಮೇಯುವ ಇಪ್ಪತ್ನಾಲ್ಕು ಕುರಿ, ಒಂದೇ ಗಂಟು. ಇನ್ನೊಂದು ಅವರ ಚಿಕ್ಕಪ್ಪ ಮಾದಯ್ಯನ ಮಂದೆಯದು, ನಾಲೆ ಬದಿಯಲ್ಲಿ ಮೇಯುವ ಇಪ್ಪತ್ತಾರು. ಒಂಬತ್ತಕ್ಕೆ ಬಾವು, ಅದರಲ್ಲಿ ಐದು ಜೋಡಿ ಗಂಟು.

ವಿಷಯ ಹೇಳಿದೆ. ಅವಳು ನನ್ನನ್ನು ಬಿಟ್ಟು ತಮ್ಮನ ಕಡೆ ತಿರುಗಿದಳು.

"ಎಣಿಸ್ದೋಳು ನಾನು ಕಣ್ಲಾ. ನೀನ್ ಎಣಿಸ್ದೆ ಅಂತ ಬರ್ಕೊಂಡು ಓಯ್ತೀಯ, ಅಲ್ಲಿ ಯಾರಾನ ಯಾವ ಕುರಿ, ಯಾವ ತಿಂಗ್ಳು ಅಂತ ಕೇಳುದ್ರೆ ಏನ್ ಏಳೀಯೆ? ಬಾಯ್ ಬುಟ್ಕೊಂಡ್ ನಿಂತ್ಕತೀಯ."

"ಜಾಗ ಕೈ ತಪ್ಪಿ ಓದ್ರೆ, ಅಕ್ಕ?"

"ಓದ್ರೆ ಓಯ್ತದೆ. ಸುಳ್ಳೇಳಿ ತಕ್ಕೊಂಡ ಜಾಗ್ದಲ್ಲಿ ಒಂದ್ ವರ್ಸ ಎಂಗ್ಲಾ ಕುಂತಿದ್ದೀಯೆ?"

ಅಲ್ಲೇ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಬರೆದೆವು: "ನನ್ನ ಅಕ್ಕ ಚಿಕ್ಕಬೋರಮ್ಮ ಎರಡು ವರ್ಷ ಎರಡು ಮಂದೆಗಳ ಕುರಿಗಳನ್ನು ದಿನವೂ ನೋಡಿ ಎಣಿಸಿದಳು. ನಾನು ವಾರಕ್ಕೊಮ್ಮೆ ಅವಳ ಲೆಕ್ಕವನ್ನು ಬರೆದುಕೊಂಡೆ. ಎರಡು ಮಂದೆಗಳನ್ನೂ ಹೋಲಿಸಿದೆ." ಓದಿ ಹೇಳಿದಾಗ ಚಿಕ್ಕಬೋರಮ್ಮ "ಈಗ ತಿಳೀತದೆ" ಎಂದಳು.

ಇನ್ನೊಂದು ವಾಕ್ಯ ಉಳಿದಿತ್ತು. 'ಶವಪರೀಕ್ಷಾ ಕ್ರಮಗಳು ಯಥೋಚಿತವಾಗಿ ಅನುಸರಿಸಲ್ಪಟ್ಟವು.' ಅದು ಚಲುವರಾಜುವಿನದಲ್ಲ. ಅಂಥ ಒಂದು ಮಾತು ಇದ್ದರೆ ತೂಕ ಬರುತ್ತದೆ ಎಂದು ನಾನು ಸೇರಿಸಿದ್ದು. ಸತ್ತ ಕುರಿಗಳನ್ನು ಕೊಯ್ದು ನೋಡಿದವರು ಯಾರು ಎಂದು ಈಗ ಕೇಳಿದೆ. ಯಾರೂ ಕೊಯ್ದಿರಲಿಲ್ಲ. ಮಾದಯ್ಯ ಹೂತುಬಿಟ್ಟಿದ್ದ. 'ಸತ್ತ ಕುರಿಗಳನ್ನು ನಾವು ಕೊಯ್ದು ನೋಡಲಿಲ್ಲ' ಎಂದು ಬರೆಸಿ ಸಹಿ ಹಾಕಿದೆ. ಎರಡು ಪುಟ ಇದ್ದದ್ದು ಒಂದೂ ಕಾಲು ಪುಟಕ್ಕೆ ಇಳಿದಿತ್ತು.

ಹತ್ತು ದಿನದ ಮೇಲೆ ಮಂಡ್ಯದಲ್ಲಿ ಸಂದರ್ಶನಕ್ಕೆ ಕರೆ ಬಂತು. ಸಹಿ ಹಾಕಿದವರೂ ಬರಬೇಕು ಎಂದಿತ್ತು. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ಚಲುವರಾಜು ನೀರು ಕೂಡ ಕುಡಿಯಲಿಲ್ಲ.

ಮಂಡಳಿಯ ಪರವಾಗಿ ಬಂದಿದ್ದವರು ವೆಂಕಟರಾಮಯ್ಯ ಎಂಬ ಪಶುವೈದ್ಯರು. ಅಂಚಿನ ಸಣ್ಣ ಅಕ್ಷರ ಅವರದೇ. ಎರಡೂ ನಿವೇದನೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡಿದ್ದರು.

"ಎರಡನೆಯದು ಅರ್ಥವಾಯಿತು. ಅದಕ್ಕೇ ಒಂದು ಅನುಮಾನ ಬಂದಿದೆ" ಎಂದರು. "ಮೊದಲನೆಯದರಲ್ಲಿ ಶವಪರೀಕ್ಷೆ ಆಯಿತು ಅಂತಿದೆ. ಎರಡನೆಯದರಲ್ಲಿ ಕೊಯ್ದೇ ನೋಡಲಿಲ್ಲ ಅಂತಿದೆ. ಯಾವುದಯ್ಯಾ ನಿಜ? ಒಂದು ಸಲ ಸುಳ್ಳು ಬರೆದವನಿಗೆ ನಾವು ಜಾಗ ಕೊಡೋ ಹಾಗಿಲ್ಲ."

ಚಲುವರಾಜು ಗುರುವಿನ ಹೆಸರು ಹೇಳಲಾರ, ತಾನೇ ಬರೆದೆ ಎಂದು ಒಪ್ಪಿಕೊಳ್ಳಲೂ ಆರ. ಆ ಹೊತ್ತಿನಲ್ಲಿ 'ಪ್ರಮಾದವಶಾತ್ ಸೇರಿಸಲ್ಪಟ್ಟಿತು' ಎಂದು ನಾನು ಹೇಳಿಬಿಟ್ಟಿದ್ದರೆ ಎಲ್ಲರೂ ಮಾನ ಉಳಿಸಿಕೊಳ್ಳಬಹುದಿತ್ತು. ನಾಲಗೆಯ ತುದಿಗೆ ಅದೇ ಬಂತು ಕೂಡ. ಅದನ್ನು ನುಂಗಿಕೊಂಡು ಎದ್ದು ನಿಂತೆ.

"ಆ ವಾಕ್ಯ ಬರೆದವನು ನಾನು, ಸ್ವಾಮಿ. ಹುಡುಗ ಬರೆದಿರಲಿಲ್ಲ. ಕೊಯ್ದರೋ ಇಲ್ಲವೋ ಅಂತ ನಾನು ಕೇಳಲೂ ಇಲ್ಲ. ತೂಕ ಬರುತ್ತೆ ಅಂತ ಸೇರಿಸಿದೆ. ಅವನು ನನ್ನ ಮೇಲಿನ ಗೌರವಕ್ಕೆ ಸುಮ್ಮನಿದ್ದ. ಶಿಕ್ಷೆ ಕೊಡೋದಾದರೆ ನನ್ನ ಮೇಲಿನವರಿಗೆ ಬರೆಯಿರಿ."

ವೆಂಕಟರಾಮಯ್ಯನವರು ಮೊದಲನೆಯ ನಿವೇದನೆಯಲ್ಲಿದ್ದ ಆ ವಾಕ್ಯಕ್ಕೆ ಗೀಟು ಎಳೆದರು. ಆಮೇಲೆ ಚಲುವರಾಜುವನ್ನು ಕೇಳಿದರು.

"ಐದು ಸತ್ತರೂ ಯಾಕೆ ಕೊಯ್ಯಲಿಲ್ಲ?"

"ಕೊಯ್ದು ಎಲ್ಲಿ, ಏನು ನೋಡಬೇಕು ಅಂತ ನಮಗೆ ಗೊತ್ತಿಲ್ಲ, ಸ್ವಾಮಿ. ಅದನ್ನ ಕಲಿಯೋಕೇ ಬಂದಿದ್ದೀನಿ."

"ಹಾಗಾದರೆ ಬಾ. ಮೊದಲನೆಯದನ್ನ ಓದಿದಾಗ ನಿನಗೆ ಎಲ್ಲ ಗೊತ್ತಿದೆ ಅನ್ನಿಸ್ತು, ಕಲಿಸೋಕೆ ಏನೂ ಉಳಿದಿರಲಿಲ್ಲ" ಎಂದು ಹಾಳೆಯ ಮೇಲೆ ತಮ್ಮ ಸಹಿ ಎಳೆದರು. ನಾವು ಬಾಗಿಲು ದಾಟುವಾಗ ಮತ್ತೆ ಕರೆದರು. "ನಿಮ್ಮಕ್ಕನ ಎಣಿಕೆ ಇನ್ನೊಂದು ವರ್ಷ ನಿಲ್ಲಬಾರದು. ನೀನು ಇಲ್ಲದಾಗ ಬರೆದುಕೊಳ್ಳೋರು ಯಾರಾದರೂ ಇದ್ದಾರಾ?"

ಚಲುವರಾಜು ಹಿಂದೆಮುಂದೆ ನೋಡಿ ಇಲ್ಲ ಎಂದ.

ಚಲುವರಾಜು ಓದಲು ಹೊರಡುವ ಹಿಂದಿನ ದಿನ ಅವನ ಜೊತೆ ಬಂಡೂರಿಗೆ ಹೋದೆ. ಚಿಕ್ಕಬೋರಮ್ಮ ತಮ್ಮನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಎಣಿಸೋದು ನಂಗ್ ಬತ್ತದೆ, ಮೇಷ್ಟ್ರೆ. ಬರ್ಯಾಕ್ ಬರಾಕಿಲ್ಲ" ಎಂದಳು.

"ಭಾನುವಾರ ಭಾನುವಾರ ನಾನು ಬಂದು ಬರ್ಕೋತೀನಿ. ನೀನು ಹೇಳಿದ ಹಾಗೇ ಬರಿತೀನಿ ಕಣಮ್ಮ, ಒಂದು ಅಕ್ಷರಾನೂ ತಿದ್ದಲ್ಲ."

ಅವಳು ಹಗ್ಗದ ಗಂಟನ್ನು ಒಮ್ಮೆ ಎಳೆದು ನೋಡಿದಳು.

"ಒತ್ತಾರೇನೇ ಬನ್ನಿ, ಮಂದೆ ಒಂಟೋಗಾಕ್ ಮೊದ್ಲು. ನೀವೂ ವಸಿ ನೋಡಿ, ಆಮೇಕ್ ಬರೀರಿ."