ರಾಗಿ ಒಸಿ ಐತೆ

ಬೆರಳಿನ ವಾಸನೆ ಹೋಗಿಲ್ಲ, ಎರಡು ಸಲ ಸೋಪು ಹಾಕಿ ತಿಕ್ಕಿದರೂ ಬೆಂದ ರೇಷ್ಮೆಗೂಡಿನ ವಾಸನೆ ಉಗುರಿನ ಸಂದಿಯಲ್ಲೇ ಕೂತಿದೆ, ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ತಂದುಕೊಂಡದ್ದು ಅದಕ್ಕೇ ಇರಬೇಕು, ತಂದುಕೊಳ್ಳಲಿ, ಮಗಳ ಮದುವೆಗೆ ಸೀರೆ ಕೊಳ್ಳುವಾಗ ಮೂಗು ಮುಚ್ಚುತ್ತಾಳೇನು — ಜಹೀದಾ ಕೈಯೆರಡನ್ನೂ ಬುರ್ಖಾದೊಳಗೆ ಎಳೆದುಕೊಂಡಳು, ಕೈಲಾಂಚದ ಬಸ್ಸು ರಾಮನಗರ ದಾಟಿ ಹಿಪ್ಪುನೇರಳೆ ತೋಟಗಳ ನಡುವೆ ಕುಲುಕತೊಡಗಿತ್ತು, ಬೆಳಗ್ಗೆ ಬಂದ ಫೋನು ಇನ್ನೂ ಕಿವಿಯಲ್ಲೇ ಇತ್ತು, ಅಂಬುಜಮ್ಮನ ದನಿ, ಜಹೀದಮ್ಮ, ಒಸಿ ಬೇಗ ಬಾರವ್ವ, ನನ್ ಸೊಸೆ ಬ್ಯಾಗು ತುಂಬ್ತಾವ್ಳೆ, ನೆನ್ನೆ ಸಂಜೆ ರೂಮಲ್ಲಿ ರಾಗಿ ರಾಗಿ ಅಂತ ಇಬ್ರೂ ಕಿತ್ತಾಡುದ್ರು, ನಮ್ಮನೇಲಿ ರಾಗಿಗೇನವ್ವ ಬರ, ಅಟ್ಟದ ಮೇಲೆ ಮೂರು ಮೂಟೆ ಐತೆ. ಅಂಬುಜಮ್ಮನಿಗೆ ಹೇಗೆ ಹೇಳುವುದು, ಅದು ಮೂಟೆಯ ರಾಗಿಯಲ್ಲ ಎಂದು, ಆ ರಾಗಿಯನ್ನು ಆ ಮನೆಗೆ ತಂದು ಸುರಿದವಳು ನಾನೇ ಎಂದು. ಮದುವೆ ಆಗಿದ್ದೂ ನನ್ನಿಂದಲೇ ಅಲ್ಲವೇ, ನನ್ನ ಗಂಡ ಗೌಸ್ ಮಾರ್ಕೆಟ್ಟಿನಲ್ಲಿ ಅಂಬುಜಮ್ಮನ ಮಗ ದೀಪುವಿನ ಗೂಡು ಹಿಡಿದು ತಂದ, ದೀಪು ಚೀಲದ ಹಿಂದೆ ನಮ್ಮ ನೂಲು ತೆಗೆಯುವ ಶೆಡ್ಡಿಗೆ ಬಂದ, ಒಡಿಶಾದಿಂದ ಕೆಲಸಕ್ಕೆ ಬಂದಿದ್ದ ಸುಕಾಂತಿ ಬಿಸಿನೀರಿನ ಬೇಸಿನ್ನಿನ ಹಬೆಯಿಂದ ತಲೆ ಎತ್ತಿದಳು, ಮುಗಿಯಿತು. ಮಾತೇ ಬೇಕಾಗಲಿಲ್ಲ ಆಗ, ನೋಡುವುದಕ್ಕೆ ಯಾವ ಭಾಷೆ ಬೇಕು. ಮಾತು ಬೇಕಾದದ್ದು ಮದುವೆಯಾದ ಮೇಲೆ. ಅವಳಿಗೆ ಒಡಿಯಾ, ಅವನಿಗೆ ಕನ್ನಡ, ನಡುವೆ ಇಬ್ಬರಿಗೂ ಅರ್ಧ ಲೋಟದಷ್ಟು ಹಿಂದಿ, ಅದರಲ್ಲಿ ಗೂಡಿನ ರೇಟು ಕೇಳಬಹುದು, ಬಸ್ಸು ಎಷ್ಟು ಗಂಟೆಗೆ ಎನ್ನಬಹುದು, ಅಷ್ಟೇ.

ಮೂರು ತಿಂಗಳಿಗೆ ಸುಕಾಂತಿ ಬಟ್ಟೆಗಂಟು ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು, ಅಪಾ, ಅಕ್ಕಾ, ನಾನು ಊರಿಗೆ ಹೋಗುತ್ತೇನೆ, ರಾಯಗಡಕ್ಕೆ, ಅವನಿಗೆ ನಾನು ಬೇಡ. ಹತ್ತು ವರ್ಷದಿಂದ ಒಡಿಯಾ ಹುಡುಗಿಯರ ಜೊತೆ ಬೇಸಿನ್ನಿನ ಮುಂದೆ ಕೂತು ಜಹೀದಾಗೂ ಆ ಭಾಷೆ ಮುಕ್ಕಾಲು ಬರುತ್ತಿತ್ತು, ಬೇಡ ಎಂದು ಅವನೇ ಹೇಳಿದನಾ ಎಂದಳು. ಹೇಳಿಲ್ಲ, ಆದರೆ ಪ್ರೀತಿಯಿಂದ ಧನ ಎಂದು ಕರೆದೆ, ನಮ್ಮಲ್ಲಿ ಹಾಗೇ ಕರೆಯುವುದು, ನನ್ನ ಐಶ್ವರ್ಯ ಎಂದು, ಅವನು ತಟ್ಟೆ ಬಿಟ್ಟು ಎದ್ದು ಹೋದ, ಎರಡು ದಿನ ಮುಖ ಕೊಡಲಿಲ್ಲ. ಸುಕಾಂತಿಯ ಬಾಯಲ್ಲಿ ಅಕಾರಗಳೆಲ್ಲ ಒಕಾರದ ಕಡೆಗೆ ವಾಲುತ್ತವೆ, ಆದರೂ ಕೈಲಾಂಚದ ಕಿವಿಗೆ ಅದು ದನವಾಗಿಯೇ ಬಿದ್ದಿತ್ತು — ಏನ್ ಜಹೀದಕ್ಕ, ತಾಳಿ ಕಟ್ಟಿದ ಗಂಡನ್ನ ದನ ಅಂತಾಳಲ್ಲ, ನಾನೇನು ಅಷ್ಟು ದಡ್ಡನಾ ಎಂದು ಅವನೂ ಗೂಡು ತಂದಾಗ ಗೋಳಾಡಿದ್ದ. ಅವನಿಗೆ ಕೋಪ ಬಂತೇನೋ ಎಂದು ಅವಳು ಹಿಂದೆಹಿಂದೆಯೇ ಹೋಗಿ ಕೇಳಿದಳಂತೆ, ರಾಗಿಲೊ ಕಿ, ಕೋಪ ಬಂತಾ ಎಂದು ಅದರರ್ಥ, ಅವನು ರಾಗಿ ಇಲ್ಲ ಎಂದುಕೊಂಡು ಮಿಲ್ಲಿಗೆ ಹೋಗಿ ಇಪ್ಪತ್ತು ಕಿಲೋ ಹಿಟ್ಟು ಬೀಸಿಸಿ ತಂದು ಅವಳ ಮುಂದೆ ಇಳಿಸಿದ, ಅವಳು ಅತ್ತಳು, ಅವಳ ಊರಲ್ಲಿ ರಾಗಿಗೆ ಮಾಂಡಿಆ ಎನ್ನುತ್ತಾರೆ, ಅಳುತ್ತಲೇ ಹಿಟ್ಟು ತೋರಿಸಿ ಮಾಂಡಿಆ, ಮಾಂಡಿಆ ಎಂದಳು, ತವರಿನ ಗಂಜಿ ನೆನಪಾಗಿ ಇರಬೇಕು, ಮರುದಿನ ಅವನು ಪಾಪ ಅವಳನ್ನು ಬಸ್ಸು ಹತ್ತಿಸಿ ಮಂಡ್ಯಕ್ಕೇ ಕರೆದುಕೊಂಡು ಹೋದ, ದಾರಿಯಲ್ಲಿ ವಡೆ ಕೊಡಿಸಿದ, ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತು ವಾಪಸ್ಸು ಬಂದರು. ಫೋನಿಗೆ ಹೇಳಿದರೆ ಅದೇ ಒಡಿಯಾ ಮಾಡಿ ಹೇಳುತ್ತದಂತೆ ಎಂದು ಅದನ್ನೂ ಹಿಡಿದ, ಫೋನಿನೊಳಗಿನ ಹೆಂಗಸು ರೈಲ್ವೆ ಸ್ಟೇಷನ್ನಿನ ದನಿಯಲ್ಲಿ ನಾನು ನಿನ್ನನ್ನು ಪ್ರೀತಿಸುತ್ತೇನೆ ಎಂದಳು, ಸುಕಾಂತಿ ಹೇಳಿದ್ದು, ಅವಳ ಪ್ರೀತಿ ನನಗೇಕೆ ಅಪಾ. ಒಂದು ತಿಂಗಳು ಕೊಡು ಎಂದಳು ಜಹೀದಾ, ಮುಂದಿನ ತಿಂಗಳು ಇದೇ ಭಾನುವಾರದವರೆಗೆ, ಆಮೇಲೂ ಹೋಗಬೇಕೆನಿಸಿದರೆ ಟಿಕೆಟ್ಟು ನಾನೇ ಮಾಡಿಸುತ್ತೇನೆ. ಇವತ್ತೇ ಆ ಭಾನುವಾರ.

ಮೊದಲ ವಾರ ಕೆಟ್ಟಿತು, ತಪ್ಪು ನನ್ನದೇ, ಕ್ಯಾಲೆಂಡರಿನ ಬೆನ್ನ ಮೇಲೆ ಇಪ್ಪತ್ತು ಪದ ಬರೆದು ಕೊಟ್ಟೆ, ಇಬ್ಬರೂ ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದರು, ದೀಪು ಕೈಕಟ್ಟಿ ನಿಂತು ಪ್ರಿಯೆ ಎಂದ, ಯಾವ ಮನೆಯಲ್ಲಿ ಯಾರು ಯಾರನ್ನು ಪ್ರಿಯೆ ಎನ್ನುತ್ತಾರೆ, ಅವನಿಗೇ ನಗು ಬಂತು, ಅವಳಿಗೆ ಇವನು ನನ್ನನ್ನು ನೋಡಿ ನಗುತ್ತಾನೆ ಎನಿಸಿತು, ಮತ್ತೆ ಮುಖ ತಿರುವಿದಳು. ಪಟ್ಟಿಯನ್ನು ಒಲೆಗೆ ಹಾಕಿದೆ. ನೂಲು ತೆಗೆಯುವಾಗ ಸಿಕ್ಕ ಎಳೆಯನ್ನೆಲ್ಲ ಸೇರಿಸಿದರೆ ದಪ್ಪಗಾಗಿ ಕೆಡುತ್ತದೆ, ಏಳೆಂಟು ಸಾಕು, ಇವರಿಗೆ ಮೂರು ಸಾಕು, ಅದೂ ದಿನಾ ಹೇಗಿದ್ದರೂ ಬಾಯಿಗೆ ಬರುವಂಥದ್ದು. ಊಟದಿಂದ ಶುರು ಮಾಡಿದೆ. ಅವಳ ಮಾತಲ್ಲಿ ನೀನು ಕೇಳು, ಅವನ ಮಾತಲ್ಲಿ ನೀನು ಉತ್ತರ ಕೊಡು, ತಿರುಗಿ ಹಾಗೇ — ಅವನು ಖಾಇಲೊ ಎನ್ನಬೇಕು, ಅವಳು ಉಂಡೆ ಎನ್ನಬೇಕು, ಅವಳು ಉಂಡ್ಯಾ ಎಂದರೆ ಅವನು ಖಾಇಲಿ. ಕೇಳುವವರಿಗೆ ಅರ್ಧ ಸೋಲು, ಹೇಳುವವರಿಗೆ ಅರ್ಧ ಸೋಲು, ಯಾರ ಭಾಷೆಯೂ ಗೆಲ್ಲಬಾರದು. ಉಚ್ಚಾರ ತಿದ್ದಬಾರದು, ನಗುವುದಾದರೆ ಇಬ್ಬರೂ ಒಟ್ಟಿಗೆ. ಅತ್ತೆ ಎದುರಿಗಿದ್ದರೆ ಹೇಳಲೇಬೇಕು ಅಂತೇನಿಲ್ಲ. ಎರಡನೆಯದು ಕೋಪದ ಮಾತು, ಪ್ರೀತಿಗಿಂತ ಮೊದಲು ಬೇಕಾದದ್ದು ಅದೇ, ಕೋಪ ಇದೆ ಎಂದು ಹೇಳಲು ಮಾತಿಲ್ಲದೆ ಮನುಷ್ಯರು ತಟ್ಟೆ ಬಿಟ್ಟು ಏಳುತ್ತಾರೆ. ಅದನ್ನು ಹುಡುಕುವ ಕೆಲಸವೇ ಇರಲಿಲ್ಲ, ಇಪ್ಪತ್ತು ಕಿಲೋ ಮನೆಯಲ್ಲೇ ಇತ್ತು. ರಾಗಿ ಎಂದರೆ ಕೋಪ ಎಂದೆ, ಇಬ್ಬರಿಗೂ ಅದೇ ಇರಲಿ. ರಾಗಿ? ಎಂದು ಅವಳು ಕೇಳಿದಳು. ದೀಪು ನೆಲ ನೋಡಿಕೊಂಡು, ರಾಗಿ ಒಸಿ ಐತೆ ಎಂದ. ಅವಳು ಬೆರಳಲ್ಲಿ ಚಿಟಿಕೆಯಷ್ಟು ತೋರಿಸಿ ಒಸಿ? ಎಂದಳು, ಅವನು ಹೌದು ಒಸಿ ಎಂದ, ಮದುವೆಯಾದ ಮೇಲೆ ಅವರು ಆಡಿದ ಮೊದಲ ಸಂಸಾರದ ಮಾತು ಅದು.

ಮೂರನೆಯದೇ ಸಿಕ್ಕಿಕೊಂಡದ್ದು, ಕರೆಯುವ ಹೆಸರು. ದೀಪು ಒಪ್ಪಲಿಲ್ಲ, ನಮ್ಮನೇಲಿ ಯಾರೂ ಹೆಂಡ್ತೀನ ಹಂಗೆಲ್ಲ ಕರ್ಯಾಕಿಲ್ಲ ಅಕ್ಕ, ಅಪ್ಪ ಅವ್ವನ್ನ ಇವ್ಳೇ ಅಂತಿದ್ರು, ನಂಗೆ ಆ ಮಾತು ಬಾಯ್ಗೆ ಬರಾಕಿಲ್ಲ. ಸುಕಾಂತಿ ಥಟ್ಟನೆ ಹೇಳಿದಳು, ನಿಮ್ಮ ಮಾಲಿಕ್ ದಿನಾ ಕರೆಯುವುದಿಲ್ಲವಾ ಅಪಾ, ಶೆಡ್ಡಿನ ಆ ತುದಿಯಿಂದ ಎಲ್ಲರೆದುರಿಗೇ ಕೂಗುತ್ತಾರೆ, ಸುನಾ, ಸುನಾ ಎಂದು, ನಮ್ಮಲ್ಲಿ ಸುನಾ ಎಂದರೆ ಬಂಗಾರ, ಎಷ್ಟು ಸಲ ಅಂದುಕೊಂಡಿದ್ದೇನೆ, ಗಂಡ ಎಂದರೆ ಹೀಗಿರಬೇಕು. ಯಾ ಅಲ್ಲಾ, ಜಹೀದಾ ಗೋಡೆ ಹಿಡಿದು ನಕ್ಕಳು, ಗೌಸ್ ಕೂಗುವುದು ಸುನ್ನಾ ಎಂದು, ಇಲ್ಲಿ ಕೇಳು ಎಂದರ್ಥ, ಬಾಯ್ಲರಿಗೆ ಸೌದೆ ಹಾಕು, ಅಷ್ಟೇ, ಮೂವತ್ತು ವರ್ಷದಿಂದ ಅಷ್ಟೇ — ಆದರೆ ಹುಡುಗಿಗೆ ನಿಜ ಹೇಳಲಿಲ್ಲ, ಯಾಕೋ ಹೇಳಲಾಗಲಿಲ್ಲ, ಮರುದಿನ ಗೌಸ್ ಸುನ್ನಾ ಎಂದಾಗ ಏನು ಬಂಗಾರ ಎಂದುಬಿಟ್ಟಳು, ಅವನು ಕನ್ನಡಕ ಇಳಿಸಿ ನೋಡಿ, ತುಮ್ಕು ಬುಖಾರ್ ಹೈ ಕ್ಯಾ ಎಂದ, ಜ್ವರ ಬಂದಿದೆಯಾ ಎಂದು, ಸಂಜೆ ಮಾತ್ರೆಯನ್ನೂ ತಂದುಕೊಟ್ಟ. ದೀಪುವಿನ ಬಾಯಿ ಬಿಡಿಸಿದ್ದು ಕೊನೆಗೆ ಅವನ ಹಸು. ಹೋದ ವಾರ ಕೈಲಾಂಚದ ಅವರ ಮನೆಗೆ ಹೋದಾಗ ಕೊಟ್ಟಿಗೆಯೊಳಗಿಂದ ದನಿ, ಬಾರವ್ವ ನನ್ ಚಿನ್ನ, ಒಸಿ ಕಾಲ್ ಎತ್ತು ಬಂಗಾರಿ, ಯಾರ್ ಬೈದ್ರು ನನ್ ರಾಣೀಗೆ, ಸುಕಾಂತಿ ಬಾಗಿಲ ಹೊರಗೆ ಒರಗಿ ನಿಂತಿದ್ದಳು, ಮಾತು ತಿಳಿಯದಿದ್ದರೂ ದನಿ ತಿಳಿದಿತ್ತು, ಕಣ್ಣು ತುಂಬಿತ್ತು, ನೋಡಿ ಅಪಾ, ಹಸುವಿಗೆ ಎಲ್ಲ ಇದೆ. ಜಹೀದಾ ಒಳಗೆ ಹೋದಳು. ದೀಪು, ಈ ಮನೇಲಿ ನೀನು ಮುದ್ದಾಗಿ ಮಾತಾಡೋದು ಯಾರ ಹತ್ರ. ಅವನು ಚೊಂಬು ಹಿಡಿದೇ ಯೋಚಿಸಿದ. ಇದರ ಹತ್ರ. ಇದು ಏನು. ದನ, ಎಂದವನು ಅಲ್ಲೇ ನಿಂತ. ಅವಳು ನಿನ್ನನ್ನ ಏನಂದ್ಳು. ಹಸು ಬಾಲ ಬೀಸಿ ಅವನ ಕೆನ್ನೆಗೆ ಹೊಡೆಯಿತು, ಅವನು ಒರೆಸಿಕೊಳ್ಳಲೂ ಇಲ್ಲ, ಹಂಗಾದ್ರೆ ಅವ್ಳು ದನ ಅನ್ಲಿ ಬುಡಿ ಅಕ್ಕ ಎಂದ, ಬಾಗಿಲ ಕಡೆ ನೋಡಿ, ಹಸುವಿಗೆ ಹೇಳುವಷ್ಟೇ ಮೆತ್ತಗೆ, ಚಿನ್ನ ಎಂದ. ಚಿನ್ನ ಎಂದರೆ ಸುನಾ, ಎಂದು ಜಹೀದಾ ಒಂದೇ ಒಂದು ಮಾತು ದಾಟಿಸಿ, ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಓಡಿದಳು, ಅಲ್ಲಿ ಮೂರನೆಯವರಿಗೆ ಜಾಗವಿರಲಿಲ್ಲ.

ಅಷ್ಟಾದ ಮೇಲೂ ಬ್ಯಾಗು ತುಂಬುವುದೆಂದರೇನು, ಕೈಲಾಂಚ ಬಂತು, ಇಳಿದಳು, ಮೊಣಕಾಲು ಹಿಡಿದುಕೊಂಡು ಏರು ಹತ್ತಿದಳು, ಅಂಗಳದಲ್ಲಿ ಒಂದಲ್ಲ ಎರಡು ಬ್ಯಾಗು. ಅಂಬುಜಮ್ಮ ಚೊಂಬು ಹಿಡಿದು ಕೊಟ್ಟಿಗೆಯಿಂದ ಬಂದಳು, ಅಯ್ಯೋ ಜಹೀದಮ್ಮ, ಸುಮ್ನೆ ನಿನ್ನ ಓಡಾಡುಸ್ದೆ ಕಣವ್ವ, ಇವ್ನೂ ಹೊಂಟವ್ನೆ, ಅತ್ತೆ ಮನೆ ನೋಡ್ಕಂಡು ಹತ್ತು ದಿನುಕ್ಕೆ ಬತ್ತಾರಂತೆ, ಹಸ ಬುಟ್ಟು ಬರಾಕಿಲ್ಲ ಅಂದಿದ್ದುಕ್ಕಂತೆ ನೆನ್ನೆ ಜಗಳ, ಹಾಲ್ ನಾನ್ ಕರ್ಕೋತೀನಿ ಹೋಗ್ಲಾ ಅಂದೆ. ರಾಗಿ? ಎಂದು ಜಹೀದಾ ಸುಕಾಂತಿಯನ್ನು ಕೇಳಿದಳು. ಮುಗೀತು, ಎಂದಳು ಸುಕಾಂತಿ, ಕನ್ನಡದಲ್ಲಿ, ಅಂಬುಜಮ್ಮ ಅಟ್ಟದ ಕಡೆ ನೋಡಿದಳು. ದೀಪು ರೈಲ್ವೆ ಸ್ಟೇಷನ್ನಿನವರೆಗೆಂದು ಬ್ಯಾಗುಗಳನ್ನು ಸ್ಕೂಟರಿನ ಮುಂದೆ ಒಂದು ಹಿಂದೆ ಒಂದು ಕಟ್ಟಿದ, ಸುಕಾಂತಿಗೆ ಕೂರಲು ಒಂದು ಗೇಣು ಉಳಿಯಿತು, ಅವಳು ಆ ಗೇಣು ನೋಡಿ ಅವನ ಕಿವಿಯ ಹತ್ತಿರ ಬಾಗಿ ಪಂಚರ್ ಎಂದಳು. ಅವನ ಮುಖ ಕೆಂಪಾಯಿತು. ಪಂಚರ್, ಎಂದ ಅವನೂ, ಮೆಲ್ಲಗೆ, ಹಗ್ಗದ ಗಂಟು ಕೈಜಾರಿತು, ಇಬ್ಬರೂ ಸೀಟು ಹಿಡಿದು ಬಗ್ಗಿ ನಕ್ಕರು. ಜಹೀದಾ ಟೈರು ನೋಡಿದಳು. ಏನದು ಪಂಚರ್ ಎಂದು ಒಡಿಯಾದಲ್ಲಿ ಕೇಳಿದಳು, ಕನ್ನಡದಲ್ಲೂ ಕೇಳಿದಳು. ಸುಕಾಂತಿ ಬಾಯಿಗೆ ಸೆರಗು ಒತ್ತಿಕೊಂಡು, ಅದು ನಮ್ದು ಅಪಾ, ಎಂದಳು. ನಮ್ದು, ಇದನ್ನು ನಾನು ಕಲಿಸಲಿಲ್ಲ, ಪಂಚರ್ ಅನ್ನೂ ಕಲಿಸಲಿಲ್ಲ, ಯಾವ ರಸ್ತೆಯಲ್ಲೋ ಯಾವ ಮಧ್ಯಾಹ್ನವೋ ಏನು ನಡೆಯಿತೋ, ಬೈದುಕೊಂಡರೋ ತಳ್ಳಿಕೊಂಡು ಬಂದರೋ, ಪಂಚರ್ ಎಂದರೆ ಕೋಪವೋ ಮುದ್ದೋ ಇನ್ನೇನೋ, ಮೂರೇ ಮಾತು ಕೊಟ್ಟಿದ್ದೆ, ಇದು ನಾಲ್ಕನೆಯದು, ಐದನೆಯದೂ ಇರಬಹುದು, ಇರಲಿ, ಕೇಳಬಾರದು — ಸ್ಕೂಟರು ಇಳಿಜಾರು ಇಳಿಯಿತು, ಬ್ಯಾಗುಗಳ ನಡುವೆ ಅವಳ ತಲೆ, ಅವನ ತಲೆ, ಎರಡೂ ನಗುತ್ತ ಕುಲುಕುತ್ತಿದ್ದವು, ಜಹೀದಾ ಮತ್ತೆ ಟೈರನ್ನೇ ನೋಡಿದಳು, ಎರಡೂ ಟೈರು, ಗಾಳಿ ತುಂಬಿಕೊಂಡು ಗಟ್ಟಿಯಾಗಿ ಉರುಳುತ್ತಿದ್ದ ಎರಡು ಟೈರು.