ಬುಧವಾರದ ಮಡಿಕೆ

ನಮ್ಮ ಮನೆಯಲ್ಲಿ ಜಗಳ ಅಂತ ಆಗಿದ್ದೆಲ್ಲ ಬಟ್ಟೆಯ ವಿಷಯಕ್ಕೇ. ನಾನು ಅಜ್ಜಂಪುರದ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್, ಮೈಮೇಲೆ ಬಿಳಿ ಕೋಟು. ಗಂಡ ಕಾಂತರಾಜು ತರೀಕೆರೆಯಲ್ಲಿ ಲೈನ್‌ಮನ್, ಖಾಕಿ ಪ್ಯಾಂಟಿನ ತುಂಬಾ ಗ್ರೀಸು, ಮರದ ಅಂಟು. ಬಾಡಿಗೆ ಮನೆ ಕಡೂರಿನಲ್ಲಿ, ಮಹಡಿಯ ಮೇಲೆ. ನಮ್ಮಿಬ್ಬರ ನಡುವೆ ಇನ್ನೂ ನಡೆಯಲು ಬಾರದ ಮಗಳು ಗಗನಾ, ಮತ್ತು ಒಂದೇ ಒಂದು ವಾಷಿಂಗ್ ಮೆಷಿನ್.

"ಮೊನ್ನೆ ಒಣಗಾಕಿದ್ದು ನಾನು ಕಣೇ ಕೋಮಲಾ" ಅಂತ ಅವನು. "ಮಡಚಿಟ್ಟೋಳು ಯಾರ್ರೀ ಮತ್ತೆ?" ಅಂತ ನಾನು. ಹೀಗೆ ಲೆಕ್ಕ ಹೇಳಿಕೊಂಡೇ ಭಾನುವಾರಗಳು ಮುಗಿಯುತ್ತಿದ್ದವು. ಕೊನೆಗೆ ನನಗೇ ರೇಗಿಹೋಗಿ, ಒಂದು ದಿನ ಅವನನ್ನು ಕೂರಿಸಿಕೊಂಡು ವಾರವನ್ನು ಹಂಚಿದೆ. ಸೋಮವಾರ ನನ್ನ ಕೋಟುಗಳು, ಬಿಸಿನೀರಿನಲ್ಲಿ, ಬೇರೆ ಯಾವುದರ ಜೊತೆಗೂ ಸೇರಿಸದೆ. ಬುಧವಾರ ಮಗುವಿನದು ಮಾತ್ರ. ನಮ್ಮ ಬೋರ್‌ವೆಲ್ಲಿನದು ಗಡಸು ನೀರು, ಸೋಪು ಬಟ್ಟೆಯಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಆವತ್ತು ಇನ್ನೊಂದು ಸಲ ಜಾಲಿಸಬೇಕು. ಶುಕ್ರವಾರ ಖಾಕಿ, ಅದೂ ಅವನೇ ಕಲೆ ಉಜ್ಜಿ ಹಾಕಿದರೆ. ಹಾಸಿಗೆ ಹೊದಿಕೆ, ಟವೆಲು ಭಾನುವಾರಕ್ಕೆ.

ಹಿಂದಿನ ರಾತ್ರಿ ಕೊಳೆ ಬಟ್ಟೆ ತುಂಬಿ ಟೈಮರ್ ಇಟ್ಟರೆ ಬೆಳಗಿನ ಕಾಫಿ ಹೊತ್ತಿಗೆ ಒಗೆತ ಮುಗಿದಿರುತ್ತದೆ. ಮನೆಯ ಮುಂದಿನ ತಾರಸಿಯಲ್ಲಿ ಒಣಹಾಕಿ ಓಡುವುದು. ಸಂಜೆ ಒಗೆಯೋಣವೆಂದರೆ, ಇಬ್ಬರೂ ರೈಲಿನಲ್ಲಿ ಓಡಾಡುವವರು, ಬರುವ ಹೊತ್ತಿಗೇ ಗ್ಯಾರಂಟಿ ಇಲ್ಲ. ಒಗೆದದ್ದನ್ನು ಮೆಷಿನ್ನಿನಲ್ಲೇ ಬಿಟ್ಟರೆ ಮುಗ್ಗಲು ವಾಸನೆ. ಸಂಜೆ ಮೊದಲು ಬಂದವರು ಬಟ್ಟೆ ಎತ್ತಿ ಮಡಚಬೇಕು. ಕೊನೆಗೆ ಒಂದು ನಿಯಮ, ಇದೇ ನನ್ನ ಜಾಣತನ: ಯಾರು ಮಾಡಿದರೆಂದು ಯಾರೂ ಹೇಳಕೂಡದು, ಯಾರೂ ಕೇಳಕೂಡದು.

ಕೆಳಗಿನ ಮನೆಯಲ್ಲಿ ಓನರ್ ತೀರ್ಥಮ್ಮ ಒಬ್ಬರೇ. ಹಗಲು ಗಗನಾಳನ್ನು ನೋಡಿಕೊಳ್ಳುವವರು ಅವರೇ. ಮಂಡಿನೋವಿನಿಂದ ಮೆಟ್ಟಿಲು ಹತ್ತುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ನನ್ನ ಯೋಜನೆ ಕೇಳಿ ಅವರು ಒಂದೇ ಮಾತು ಹೇಳಿದರು: "ಎಲ್ಲಾ ಸರಿ ಕಣವ್ವ. ದೀಪ ಹಚ್ಚೋ ಹೊತ್ನಾಗೆ ಮಗೀನ ಬಟ್ಟೆ ಹೊರಗಿರಬಾರ್ದು. ನಮ್ಮತ್ತೆ ಇದ್ದಾಗ ಒಂದು ಚೂರು ಬಟ್ಟೇನೂ ಬಿಡ್ತಿರಲಿಲ್ಲ."

"ನಮ್ ರೈಲಿಗೆ ದೀಪದ ಹೊತ್ತು ಗೊತ್ತಾಗಬೇಕಲ್ಲಮ್ಮಾ" ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಆದರೆ ನನ್ನ ಯೋಜನೆ ಗೆದ್ದಿತು. ಬುಧವಾರ ನಾನು ಬರುವಷ್ಟರಲ್ಲಿ ಗಗನಾಳ ಬಟ್ಟೆಗಳು ಮಂಚದ ಮೇಲೆ ಮಡಿಚಿ ಕೂತಿರುತ್ತಿದ್ದವು. ಎಷ್ಟು ಅಚ್ಚುಕಟ್ಟು ಅಂದರೆ, ತೋಳುಗಳೆರಡನ್ನೂ ಎದೆಯ ಮೇಲೆ ತಂದು, ಕೆಳ ಅಂಚನ್ನು ಮೇಲಕ್ಕೆ ಮಡಿಚಿ ಒಳಗೆ ಸಿಕ್ಕಿಸಿದ್ದು. ಸೋಮವಾರದ ಕೋಟುಗಳು ಮಾತ್ರ ಹಗ್ಗದ ಮೇಲೆ ನೇತಾಡುತ್ತಲೇ ಇರುತ್ತಿದ್ದವು. ಗಂಡಸಿಗೆ ಮಗಳ ಮೇಲಿರುವ ಪ್ರೀತಿ ಹೆಂಡತಿಯ ಕೋಟಿನ ಮೇಲಿಲ್ಲ ಎಂದುಕೊಂಡೆ. ಕೋಪ ಬರಲಿಲ್ಲ. ಬೇಗ ಬಂದು ಮಡಚಿಟ್ಟು ಮತ್ತೆ ಚೌಕದ ಕಡೆ ಹೋಗುತ್ತಾನೆ, ಒಂದು ಮಾತೂ ಆಡುವುದಿಲ್ಲ ಎಂದು ಅವನ ಮೇಲೆ ಹೊಸದಾಗಿ ಪ್ರೀತಿಯೇ ಹುಟ್ಟಿತ್ತು. ಬುಧವಾರ ಅವನಿಗಿಷ್ಟವಾದ ಅವರೆಕಾಳು ಸಾರು ಮಾಡುತ್ತಿದ್ದೆ.

ಒಂದು ಬುಧವಾರ ನನ್ನ ರೈಲು ಬೀರೂರಿನಲ್ಲೇ ನಿಂತುಬಿಟ್ಟಿತು. ಇಳಿದು ಬಸ್ಸು ಹತ್ತಿದರೆ ಒಳಗೆ ಕಾಂತರಾಜು ಕೂತಿದ್ದಾನೆ. ಆಗಲೇ ಕತ್ತಲಾಗಿತ್ತು.

"ಇವತ್ತು ಮಗೀನ ಬಟ್ಟೆ ಮಂಜಲ್ಲಿ ನೆಂದ್ವು ಬಿಡಿ" ಎಂದೆ. "ಪಾಪ, ನೀವೇ ಇಲ್ಲಿದೀರಲ್ಲ."

ಅವನು ನನ್ನ ಮುಖ ನೋಡಿದ. "ನಾನಾ? ನೀನಲ್ವೇನೇ ಬುಧವಾರ ಎತ್ತಿಡೋದು?"

ಕಡೂರಿನಲ್ಲಿ ಇಳಿದವರೇ ಮನೆಗೆ ಓಡಿದೆವು. ಮೆಟ್ಟಿಲು ಹತ್ತಿದಾಗ ಹಗ್ಗ ಬರಿದಾಗಿತ್ತು. ಬಾಗಿಲಿಗೆ ಬೆಳಿಗ್ಗೆ ನಾನು ಹಾಕಿದ ಬೀಗ ಹಾಗೇ ಇತ್ತು. ತೆಗೆದು ದೀಪ ಹಾಕಿದೆವು. ಬಟ್ಟೆಗಳು ಮಂಚದ ಮೇಲೆ ಮಡಿಚಿ ಕೂತಿದ್ದವು. ಮುಟ್ಟಿದೆ. ಈಗಷ್ಟೇ ಯಾರದೋ ತೊಡೆಯ ಮೇಲಿಂದ ಎತ್ತಿಟ್ಟ ಹಾಗೆ ಬೆಚ್ಚಗಿದ್ದವು.

ಒಂದು ಅಂಗಿಯನ್ನು ಮಡಿಕೆ ಬಿಚ್ಚದೆ ಕೆಳಗೆ ಒಯ್ದೆ. ನಮ್ಮ ಇನ್ನೊಂದು ಬೀಗದ ಕೈ ತೀರ್ಥಮ್ಮನವರ ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು. ಅಂಗಿ ನೋಡುತ್ತಲೇ ಅವರು ಗೋಡೆ ಹಿಡಿದು ನಿಧಾನವಾಗಿ ಕೂತರು.

"ಇದು ನಮ್ಮತ್ತೆ ಮಡಿಕೆ" ಎಂದರು. "ಅವ್ರು ಹೋಗಿ ನನ್ ತಲೆ ಹಣ್ಣಾಯ್ತು ಕಣವ್ವ."

ನನಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚು: ನನ್ನ ಮಗುವಿನ ಬಟ್ಟೆಯನ್ನು ನನಗಿಂತ ಮೊದಲು, ನನಗಿಂತ ಚೆನ್ನಾಗಿ ಯಾರೋ ಮುಟ್ಟುತ್ತಿದ್ದಾರೆ. ಇಬ್ಬರ ಜಗಳ ಮೂರನೆಯವರಿಗೆ ಲಾಭ ಅಂತಾರಲ್ಲ, ಹಾಗಾಯಿತು. ನಾವಿಬ್ಬರೂ ಬಾಯಿ ಕಟ್ಟಿಕೊಂಡಿದ್ದಕ್ಕೇ ಅವರು ಒಳಗೆ ಬಂದರು.

ಯೋಜನೆ ಬದಲಿಸಿದೆ. ಗಗನಾಳ ಬಟ್ಟೆ ಇನ್ನು ತಾರಸಿಗೆ ಹೋಗುವುದೇ ಬೇಡ. ಮನೆಯೊಳಗೆ ಸ್ಟ್ಯಾಂಡಿನ ಮೇಲೆ, ಫ್ಯಾನಿನ ಕೆಳಗೆ, ಒಂದಕ್ಕೊಂದು ತಾಗದ ಹಾಗೆ ಹರವಿದರೆ ಸಂಜೆಗೆ ಒಣಗುತ್ತದೆ. ಕಾಂತರಾಜು ಬೀಗವನ್ನೂ ಬದಲಿಸಿದ. "ಇನ್ನೇನು ಎತ್ತುತ್ತಾರೋ ನೋಡಾಣ" ಎಂದ.

ಆ ಬುಧವಾರ ನಾನು ಗೇಟು ತೆಗೆಯುವಾಗ ಬೀದಿಯ ದೀಪ ಹತ್ತಿಕೊಳ್ಳುತ್ತಿತ್ತು. ತೀರ್ಥಮ್ಮ ಜಗಲಿಯಲ್ಲಿ ಖಾಲಿ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದರು. "ದೇವರ ದೀಪ ಹಚ್ಚಿ ಬರೋಷ್ಟರಲ್ಲಿ" ಎಂದು ತೊಟ್ಟಿಲನ್ನು ವಾಲಿಸಿ ತೋರಿಸಿದರು. "ಮಲಗಿತ್ತು ಕಣವ್ವ, ಇಲ್ಲೇ ಹೊರಗೆ ಮಲಗಿತ್ತು."

ದೀಪದ ಹೊತ್ತಿಗೆ ಹೊರಗಿದ್ದ ಬಟ್ಟೆಯೆಂದರೆ ಮಗುವಿನ ಮೈಮೇಲಿನದೊಂದೇ ಎಂದು ಹೊಳೆದದ್ದೇ ನನ್ನ ಕಾಲು ಮೆಟ್ಟಿಲ ಕಡೆ ಓಡಿತು. ಹೊಸ ಬೀಗ ಹಾಕಿದಂತೇ ಇತ್ತು. ತೆಗೆದು ಬಾಗಿಲು ತಳ್ಳಿದೆ. ಸ್ಟ್ಯಾಂಡಿನ ಮೇಲಿನ ಬಟ್ಟೆಗಳನ್ನು ಯಾರೂ ಮುಟ್ಟಿರಲಿಲ್ಲ.

ಗಗನಾ ಮಂಚದ ಮೇಲಿದ್ದಳು. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಎರಡೂ ತೋಳುಗಳನ್ನು ಎದೆಯ ಮೇಲೆ ತಂದು, ಕಾಲನ್ನು ಮೇಲಕ್ಕೆ ಮಡಿಚಿ, ಅಂಚನ್ನು ಒಳಗೆ ಸಿಕ್ಕಿಸಿತ್ತು. ಅಳುತ್ತಿರಲಿಲ್ಲ. ಕಣ್ಣು ಬಿಟ್ಟುಕೊಂಡು ನನ್ನ ಭುಜದ ಹಿಂದೆ ನೋಡುತ್ತಿದ್ದಳು. ಬಿಚ್ಚುವಾಗ ನಾನು ಗಟ್ಟಿಯಾಗಿ ಅತ್ತೆ. ಇನ್ನೊಂದು ಸುತ್ತು ಬಿಗಿಯಾಗಿದ್ದರೆ ಉಸಿರಿಗೆ ಜಾಗವಿರುತ್ತಿರಲಿಲ್ಲ.

ಮನೆ ಬಿಡೋಣ ಎಂದ ಕಾಂತರಾಜು. ಬಿಟ್ಟೆವು ಕೂಡ. ಸ್ಟೇಷನ್ ಹತ್ತಿರದ ಮನೆಗೆ ಸಾಮಾನು ಸಾಗಿಸಿದೆವು. ಮಗುವನ್ನು ನೋಡಿಕೊಳ್ಳಲು ನನ್ನಮ್ಮನನ್ನು ಯಗಟಿಯಿಂದ ಕರೆಸಿದೆ. ಮೊದಲನೆಯ ಬುಧವಾರ ದೀಪದ ಹೊತ್ತಿಗೆ, ಅಮ್ಮ ನೋಡನೋಡುತ್ತಲೇ, ಚಾಪೆಯ ಮೇಲೆ ಆಡುತ್ತಿದ್ದ ಗಗನಾಳ ತೋಳುಗಳು ತಾವಾಗಿಯೇ ಎದೆಯ ಮೇಲೆ ಬಂದವಂತೆ.

ಮರುವಾರದಿಂದ ಅವಳ ಒಂದು ಫ್ರಾಕನ್ನು ಹಿತ್ತಲ ಹಗ್ಗದ ಮೇಲೆ ಬಿಡುತ್ತೇವೆ. ರೈಲು ಬೇಗ ಬಂದರೂ ಎತ್ತುವುದಿಲ್ಲ. ಕತ್ತಲಾದ ಮೇಲೆ ಅದು ಮಂಚದ ಮೇಲಿರುತ್ತದೆ, ಬೆಚ್ಚಗೆ. ಆಮೇಲೆ ಗಗನಾಳ ತಂಟೆಗೆ ಏನೂ ಬಂದಿಲ್ಲ. ಈಗ ನಡೆಯುತ್ತಾಳೆ, ಓಡುತ್ತಾಳೆ. ಆ ಫ್ರಾಕು ಗಿಡ್ಡವಾಗಿ ಮೊಣಕಾಲು ಕಾಣುತ್ತಿತ್ತು.

ಕಳೆದ ಬುಧವಾರ ಮಡಿಕೆ ಬಿಚ್ಚಿ ನೋಡಿದರೆ, ಅದರ ಅಂಚಿನ ಹೊಲಿಗೆ ಬಿಡಿಸಿ, ಬಟ್ಟೆ ಇಳಿಬಿಟ್ಟು ಮತ್ತೆ ಕೈಯಲ್ಲಿ ಹೊಲಿದಿತ್ತು. ಗಗನಾಳಿಗೆ ಸರಿಯಾಗಿ ಹಿಡಿಸಿತು. ಕಾಂತರಾಜು ನೋಡಿದ, ನಾನೂ ನೋಡಿದೆ. ಯಾರು ಮಾಡಿದರೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.